ಆಫರ್ ಲೆಟರ್‌ನಲ್ಲಿರುವ ‘ಮೆಡಿಕಲ್ ಇನ್ಶೂರೆನ್ಸ್’: ಸಹಿ ಮಾಡುವ ಮೊದಲು ಏನು ಕೇಳಬೇಕು?

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡ್ತಿದ್ದೇನೆ. ಈಗ ಎರಡು ಆಫರ್ ಇವೆ. ಮೊದಲನೆಯದು 17.2 ಲಕ್ಷ ಸಿಟಿಸಿ, ಕುಟುಂಬಕ್ಕೆ 3 ಲಕ್ಷದ ಇನ್ಶೂರೆನ್ಸ್. ಅಪ್ಪ-ಅಮ್ಮನನ್ನು ಸೇರಿಸಬೇಕಾದರೆ ನಾನೇ ವರ್ಷಕ್ಕೆ 38,000 ಮತ್ತು ಜಿಎಸ್‌ಟಿ ಕಟ್ಟಬೇಕಂತೆ. ಎರಡನೆಯದು 16 ಲಕ್ಷ, 5 ಲಕ್ಷದ ಇನ್ಶೂರೆನ್ಸ್, ಅಪ್ಪ-ಅಮ್ಮ ಅದರಲ್ಲೇ ಸೇರಿದ್ದಾರೆ. ಹೆಂಡತಿ ನಾಲ್ಕು ತಿಂಗಳ ಗರ್ಭಿಣಿ. ಶಿವಮೊಗ್ಗದಲ್ಲಿರುವ ಅಪ್ಪನಿಗೆ 63 ವರ್ಷ, ಶುಗರ್ ಇದೆ, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಈಗಿನ ಕಂಪನಿ ಪಾಲಿಸಿಯಲ್ಲಿ ಎಲ್ಲರೂ ಇದ್ದಾರೆ. ಎರಡೂ ಕಡೆ ಎಚ್‌ಆರ್ ‘ಎಲ್ಲಾ ಕವರ್ ಆಗುತ್ತೆ’ ಅಂತಾರೆ. ಯಾವುದನ್ನು ಒಪ್ಪಲಿ?

ಉತ್ತರ: ನಿಮ್ಮ ಮನೆಯ ಪರಿಸ್ಥಿತಿಯಲ್ಲಿ, ಕೆಳಗೆ ಹೇಳುವ ಎರಡು ವಿಷಯ ಬರವಣಿಗೆಯಲ್ಲಿ ಖಾತ್ರಿಯಾದರೆ, ಎರಡನೆಯ ಆಫರ್ ಮೇಲು. ಆದರೆ 3 ಲಕ್ಷಕ್ಕಿಂತ 5 ಲಕ್ಷ ದೊಡ್ಡದು ಎನ್ನುವುದು ಅದಕ್ಕೆ ಮುಖ್ಯ ಕಾರಣವಲ್ಲ. ವಿಮೆಯ ಮೊತ್ತ ಪಾಲಿಸಿಯ ಅತ್ಯಂತ ಎದ್ದು ಕಾಣುವ ಅಂಕಿ, ಅಷ್ಟೇ. ಆಸ್ಪತ್ರೆಯ ಬಿಲ್ಲಿನಲ್ಲಿ ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕಾಯುವ ಅವಧಿ, ರೂಮ್ ಬಾಡಿಗೆಯ ಮಿತಿ ಮತ್ತು ಕೋ-ಪೇ, ಅಂದರೆ ಒಪ್ಪಿಗೆಯಾದ ಮೊತ್ತದಲ್ಲಿ ನೀವೇ ಭರಿಸಬೇಕಾದ ಶೇಕಡಾವಾರು ಪಾಲು. ಈ ಮೂರೂ ಆಫರ್ ಲೆಟರ್‌ನಲ್ಲಿ ಇರುವುದೇ ಇಲ್ಲ.

ಮೊದಲು ಕಾಯುವ ಅವಧಿಯ ವಿಷಯ ನೋಡೋಣ, ಏಕೆಂದರೆ ನಿಮ್ಮ ಮನೆಯಲ್ಲಿ ಇಬ್ಬರಿಗೆ ಅದು ನೇರವಾಗಿ ತಾಗುತ್ತದೆ. ನಾವೇ ಕೊಳ್ಳುವ ವೈಯಕ್ತಿಕ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಬೇರೆ ಯಾವ ಕಾಯಿಲೆಗೂ ಮೊದಲ 30 ದಿನ ಹಣ ಸಿಗುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥ ಪಟ್ಟಿ ಮಾಡಿದ ಕೆಲವು ಚಿಕಿತ್ಸೆಗಳಿಗೆ ಬೇರೆ ಕಾಯುವ ಅವಧಿ ಇರುತ್ತದೆ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು ಕಾಯಬೇಕು. 2024ರ ಏಪ್ರಿಲ್‌ವರೆಗೆ ಈ ಮಿತಿ 48 ತಿಂಗಳಿತ್ತು, ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಇಳಿಸಿತು. ಕಂಪನಿಗಳು ಕೊಳ್ಳುವ ಗ್ರೂಪ್ ಪಾಲಿಸಿಯಲ್ಲಿ ಇವನ್ನೆಲ್ಲ ಹೆಚ್ಚು ಪ್ರೀಮಿಯಂ ಕೊಟ್ಟು ಮನ್ನಾ ಮಾಡಿಸಬಹುದು. ಅನೇಕ ಕಂಪನಿಗಳು ಮಾಡಿಸುತ್ತವೆ, ಆದರೆ ಎಲ್ಲವೂ ಅಲ್ಲ. ಮಾಡಿಸಿದ ಕಡೆಯೂ ಕೆಲವೊಮ್ಮೆ ಮನ್ನಾ ಉದ್ಯೋಗಿ, ಸಂಗಾತಿ, ಮಕ್ಕಳಿಗೆ ಮಾತ್ರ ಇದ್ದು, ತಂದೆ-ತಾಯಿಗೆ ಮೊದಲೇ ಇದ್ದ ಕಾಯಿಲೆಯ ಕಾಯುವ ಅವಧಿ ಹಾಗೇ ಉಳಿದಿರುತ್ತದೆ. ಆಗ ‘ಪೇರೆಂಟ್ಸ್ ಕವರ್ ಆಗ್ತಾರೆ’ ಎನ್ನುವ ಮಾತೂ ನಿಜ, ನಿಮ್ಮ ತಂದೆಯ ಹೃದಯದ ಚಿಕಿತ್ಸೆಗೆ ಹಣ ಬರುವುದಿಲ್ಲ ಎನ್ನುವುದೂ ನಿಜ.

ಆದ್ದರಿಂದ ‘ಕವರ್ ಆಗುತ್ತಾ?’ ಎಂದು ಕೇಳಬೇಡಿ. ‘ತಂದೆ-ತಾಯಿಗೆ ಮೊದಲೇ ಇರುವ ಕಾಯಿಲೆ, ಸೇರಿದ ಮೊದಲ ದಿನದಿಂದಲೇ, ಯಾವ ಕಾಯುವ ಅವಧಿಯೂ ಇಲ್ಲದೆ ಕವರ್ ಆಗುತ್ತದೆಯೇ?’ ಎಂದು ಇಮೇಲ್‌ನಲ್ಲಿ ಕೇಳಿ. ಖಾತ್ರಿ ಮಾಡಿಕೊಳ್ಳಬೇಕಾದ ಎರಡರಲ್ಲಿ ಇದು ಒಂದು.

ಇನ್ನೊಂದು ಹೆರಿಗೆ. ನಿಮ್ಮ ಹೆಂಡತಿಗೆ ಇನ್ನೈದು ತಿಂಗಳಲ್ಲಿ ಹೆರಿಗೆ. ಗ್ರೂಪ್ ಪಾಲಿಸಿಯಲ್ಲಿ ಹೆರಿಗೆ ಸೌಲಭ್ಯಕ್ಕೆ ಸಾಮಾನ್ಯವಾಗಿ ಒಂಬತ್ತು ತಿಂಗಳ ಕಾಯುವ ಅವಧಿ ಇರುತ್ತದೆ. ಅದು ಮನ್ನಾ ಆಗಿಲ್ಲದಿದ್ದರೆ ಪಾಲಿಸಿಯಲ್ಲಿ ಹೆರಿಗೆ ಎಂಬ ಸಾಲು ಇದ್ದರೂ ನಿಮಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಈ ಪ್ರಶ್ನೆಗೆ ಎಚ್‌ಆರ್ ‘ಮೆಟರ್ನಿಟಿ ಇದೆ’ ಎಂದಷ್ಟೇ ಉತ್ತರಿಸಿದರೆ ಅದು ಉತ್ತರವಲ್ಲ, ಒಂಬತ್ತು ತಿಂಗಳ ಷರತ್ತು ಮನ್ನಾ ಆಗಿದೆ ಎಂಬ ಸಾಲು ಬೇಕು. ಅದರ ಜೊತೆಗೇ ಮಿತಿ ಎಷ್ಟು ಎಂದೂ ಕೇಳಿ. ಸಹಜ ಹೆರಿಗೆಗೆ 50,000, ಸಿಸೇರಿಯನ್‌ಗೆ 75,000 ಎಂಬಂಥ ಮಿತಿಗಳು ಸಾಮಾನ್ಯ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಬಿಲ್ ಒಂದು ಲಕ್ಷ ದಾಟುವುದೂ ಅಷ್ಟೇ ಸಾಮಾನ್ಯ. ಉಳಿದದ್ದು ನಿಮ್ಮದು.

ಹೆರಿಗೆಯ ಬಿಲ್ಲಿಗಿಂತ ನನಗೆ ಹೆಚ್ಚು ಚಿಂತೆಯಾಗುವುದು ಮಗುವಿನ ಬಿಲ್ಲು. ಮಗು ಅವಧಿಗೆ ಮುಂಚೆ ಹುಟ್ಟಿ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಹತ್ತು ದಿನ ಇರಬೇಕಾಗಿ ಬಂದರೆ ಆ ಖರ್ಚು ಯಾವ ಲೆಕ್ಕಕ್ಕೆ ಹೋಗುತ್ತದೆ? ಕೆಲವು ಪಾಲಿಸಿಗಳಲ್ಲಿ ಮಗುವಿಗೆ ಹುಟ್ಟಿದ ದಿನದಿಂದಲೇ ಕುಟುಂಬದ ಪೂರ್ತಿ ಮೊತ್ತ ಸಿಗುತ್ತದೆ. ಇನ್ನು ಕೆಲವದರಲ್ಲಿ ಮಗುವಿನ ಖರ್ಚೂ ಹೆರಿಗೆಯ ಆ 50,000 ಅಥವಾ 75,000ದೊಳಗೇ ಮುಗಿಯಬೇಕು. ಒಂದೇ ಸಾಲಿನ ವ್ಯತ್ಯಾಸ, ಆದರೆ ಬಿಲ್ಲಿನಲ್ಲಿ ಲಕ್ಷಗಳ ಅಂತರ. ಇದನ್ನು ಕೇಳುವವರು ತೀರಾ ಕಡಿಮೆ. ನೀವು ತಪ್ಪದೆ ಕೇಳಿ.

ಈಗ ರೂಮ್ ಬಾಡಿಗೆ ಮತ್ತು ಕೋ-ಪೇ. ಬಹುತೇಕ ಗ್ರೂಪ್ ಪಾಲಿಸಿಗಳಲ್ಲಿ ಸಾಮಾನ್ಯ ರೂಮಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಐಸಿಯುಗೆ ಶೇ. 2 ಎಂಬ ಮಿತಿ ಇರುತ್ತದೆ. ಕೆಲವು ಕಂಪನಿಗಳು ‘ಸಿಂಗಲ್ ಪ್ರೈವೇಟ್ ರೂಮ್’ ಎಂದು ಬರೆಸಿ ಹಣದ ಮಿತಿಯನ್ನೇ ತೆಗೆಸಿರುತ್ತವೆ, ಅದು ಒಳ್ಳೆಯ ಪಾಲಿಸಿಯ ಲಕ್ಷಣ. ಮಿತಿ ಮೀರಿದ ರೂಮಿಗೆ ಹೋದರೆ ಬಾಡಿಗೆಯ ವ್ಯತ್ಯಾಸ ಮಾತ್ರ ಕಟ್ಟಿದರೆ ಸಾಕು ಎಂದು ಜನ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ರೂಮಿನ ದರ್ಜೆ ಏರಿದಂತೆ ಸರ್ಜನ್ ಫೀ, ಆಪರೇಷನ್ ಥಿಯೇಟರ್, ಡಾಕ್ಟರ್ ವಿಸಿಟ್, ನರ್ಸಿಂಗ್ ಎಲ್ಲದರ ದರವೂ ಏರುತ್ತದೆ. ಅದಕ್ಕೆ ವಿಮಾ ಕಂಪನಿ ಅವನ್ನೆಲ್ಲ ಅದೇ ಅನುಪಾತದಲ್ಲಿ ಕಡಿತ ಮಾಡುತ್ತದೆ. ಔಷಧಿ, ಸ್ಟೆಂಟ್‌ನಂಥ ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ.

ನಿಮ್ಮ ಎರಡು ಆಫರ್‌ಗಳನ್ನೇ ಒಂದು ಬಿಲ್ಲಿಗೆ ಹಚ್ಚಿ ನೋಡೋಣ. ನೀವು ಕಳಿಸಿದ ವಿವರದಲ್ಲಿ ಕೋ-ಪೇ ಇಲ್ಲ, ಹಾಗಾಗಿ ತಂದೆ-ತಾಯಿಗೆ ಮೊದಲನೆಯದರಲ್ಲಿ ಶೇ. 20, ಎರಡನೆಯದರಲ್ಲಿ ಶೇ. 10 ಎಂದು ಇಟ್ಟುಕೊಂಡಿದ್ದೇನೆ. ಎರಡರಲ್ಲೂ ರೂಮಿಗೆ ಶೇ. 1ರ ಮಿತಿ. ನಿಜವಾದ ಅಂಕಿ ಸಿಕ್ಕಮೇಲೆ ಇದೇ ಲೆಕ್ಕವನ್ನು ನೀವೇ ಮತ್ತೆ ಹಾಕಿ.

ತಂದೆಯವರು ಐದು ದಿನ ಆಸ್ಪತ್ರೆಯಲ್ಲಿದ್ದರು, ಒಟ್ಟು ಬಿಲ್ 3,00,000 ಅಂದುಕೊಳ್ಳಿ. ಅದರಲ್ಲಿ ರೂಮ್ ದಿನಕ್ಕೆ 6,000ದಂತೆ 30,000. ಸರ್ಜನ್, ಥಿಯೇಟರ್, ನರ್ಸಿಂಗ್ ಇತ್ಯಾದಿ 1,50,000. ಔಷಧಿ, ಇಂಪ್ಲಾಂಟ್, ಪರೀಕ್ಷೆ 1,20,000. ಇದರಲ್ಲಿ ಗ್ಲೌಸ್, ಮಾಸ್ಕ್‌ನಂಥ ವಿಮೆ ಕೊಡದ ಸಾಮಾನು 10,000.

ಮೊದಲ ಆಫರ್‌ನ 3 ಲಕ್ಷದ ಪಾಲಿಸಿಯಲ್ಲಿ ರೂಮಿನ ಮಿತಿ 3,000. ನೀವು ತೆಗೆದುಕೊಂಡದ್ದು 6,000ದ್ದು, ಹಾಗಾಗಿ ಅನುಪಾತ ಅರ್ಧಕ್ಕರ್ಧ. ರೂಮಿಗೆ 15,000, ಸರ್ಜನ್-ಥಿಯೇಟರ್ ಬಾಬ್ತಿಗೆ 75,000, ಔಷಧಿ ಬಾಬ್ತಿಗೆ 1,10,000, ಒಟ್ಟು 2,00,000 ಒಪ್ಪಿಗೆಯಾಯಿತು. ಅದರ ಮೇಲೆ ಶೇ. 20 ಕೋ-ಪೇ, ಅಂದರೆ 40,000 ಕಳೆದು ವಿಮಾ ಕಂಪನಿ ಕೊಡುವುದು 1,60,000. ಡಿಸ್ಚಾರ್ಜ್ ಆಗುವಾಗ ನೀವು ಕಟ್ಟಬೇಕಾದ್ದು 1,40,000. ವಿಮೆ 3 ಲಕ್ಷ, ಬಿಲ್ಲೂ 3 ಲಕ್ಷ, ಆದರೂ ಹೆಚ್ಚುಕಡಿಮೆ ಅರ್ಧ ಹಣ ಮನೆಯಿಂದ ಹೋಯಿತು.

ಎರಡನೆಯದರಲ್ಲಿ ಮಿತಿ 5,000, ಅನುಪಾತ ಆರರಲ್ಲಿ ಐದು ಪಾಲು. ರೂಮಿಗೆ 25,000, ಸರ್ಜನ್-ಥಿಯೇಟರ್ ಬಾಬ್ತಿಗೆ 1,25,000, ಔಷಧಿ ಬಾಬ್ತಿಗೆ 1,10,000, ಒಟ್ಟು 2,60,000. ಶೇ. 10 ಕೋ-ಪೇ 26,000 ಕಳೆದರೆ ವಿಮಾ ಕಂಪನಿ ಕೊಡುವುದು 2,34,000, ನಿಮ್ಮದು 66,000. ಒಂದೇ ಬಿಲ್ಲಿನಲ್ಲಿ ಎರಡು ಆಫರ್‌ಗಳ ನಡುವಿನ ಅಂತರ 74,000. ಮಿತಿಯೊಳಗಿನ ರೂಮನ್ನೇ ಕೇಳಿ ಪಡೆದರೆ ಎರಡೂ ಕಡೆ ಪರಿಸ್ಥಿತಿ ಸುಧಾರಿಸುತ್ತದೆ, ಆದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ 3,000ಕ್ಕೆ ಸಿಗುವುದು ಹೆಚ್ಚೆಂದರೆ ಹಂಚಿಕೊಳ್ಳುವ ರೂಮು ಅಥವಾ ಜನರಲ್ ವಾರ್ಡು. ಅದೂ ಅವತ್ತು ಖಾಲಿ ಇದ್ದರೆ.

ಇದನ್ನು ಸಂಬಳದ ಜೊತೆ ತೂಗೋಣ. ಕಾಗದದ ಮೇಲೆ ಮೊದಲ ಆಫರ್ 1,20,000 ಹೆಚ್ಚು. ಅದರ ಸಿಟಿಸಿ ಪಟ್ಟಿಯನ್ನು ತೆಗೆದು ನೋಡಿ: ‘ಇನ್ಶೂರೆನ್ಸ್ ಪ್ರೀಮಿಯಂ’ ಎಂಬ ಸಾಲು ಅದರಲ್ಲೇ ಸೇರಿದೆಯೇ? ಅನೇಕ ಕಂಪನಿಗಳು ಸೇರಿಸುತ್ತವೆ. 20,000 ಇದೆ ಎಂದುಕೊಂಡರೆ, ಎರಡನೆಯ ಕಂಪನಿ ಪ್ರೀಮಿಯಂ ಅನ್ನು ಸಿಟಿಸಿಯ ಹೊರಗೆ ಇಟ್ಟಿದ್ದರೆ, ನಿಜವಾದ ವ್ಯತ್ಯಾಸ ಒಂದು ಲಕ್ಷ. ನಿಮ್ಮ ಸಂಬಳದ ಮಟ್ಟದಲ್ಲಿ, ಹೊಸ ತೆರಿಗೆ ಪದ್ಧತಿಯ ಶೇ. 15ರ ಹಂತ ಮತ್ತು ಸೆಸ್ ಕಳೆದರೆ ಉಳಿಯುವುದು ಸುಮಾರು 84,000. ತಂದೆ-ತಾಯಿಯ ಪ್ರೀಮಿಯಂ 38,000ಕ್ಕೆ ಶೇ. 18 ಜಿಎಸ್‌ಟಿ ಸೇರಿ 44,840. (2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ರದ್ದಾಗಿರುವುದು ವೈಯಕ್ತಿಕ ಪಾಲಿಸಿಗಳಿಗೆ, ಗ್ರೂಪ್ ಪಾಲಿಸಿಗೆ ಅಲ್ಲ.) ಅಂದರೆ ಮೊದಲ ಆಫರ್‌ನ ನಿಜವಾದ ಲಾಭ ವರ್ಷಕ್ಕೆ 40,000ದ ಆಸುಪಾಸು. ತಂದೆಯವರು ಆಸ್ಪತ್ರೆಗೆ ಹೋಗದ ವರ್ಷ ಅದು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಒಂದು ಸಲ ಅಡ್ಮಿಟ್ ಆದರೆ ಸುಮಾರು ಎರಡು ವರ್ಷದ ಲಾಭ ಅಲ್ಲಿಗೆ ಹೋಗುತ್ತದೆ. ಸ್ಟೆಂಟ್ ಹಾಕಿಸಿಕೊಂಡ, ಶುಗರ್ ಇರುವ 63ರ ವ್ಯಕ್ತಿಯ ವಿಷಯದಲ್ಲಿ ನಾನು ಈ ಪಣ ಕಟ್ಟುವುದಿಲ್ಲ.

ಕೆಲಸದ ಸ್ವರೂಪದ ಕಾರಣಕ್ಕೆ ನಿಮಗೆ ಮೊದಲ ಕಂಪನಿಯೇ ಬೇಕಿದ್ದರೆ ಚೌಕಾಸಿಗೆ ದಾರಿ ಇದೆ. ಒಬ್ಬರಿಗಾಗಿ ಪಾಲಿಸಿಯ ಷರತ್ತು ಬದಲಿಸಲು ಎಚ್‌ಆರ್‌ಗೆ ಸಾಧ್ಯವಿಲ್ಲ, ಅದನ್ನು ಕೇಳಿ ಪ್ರಯೋಜನವಿಲ್ಲ. ಆದರೆ ತಂದೆ-ತಾಯಿಯ ಪ್ರೀಮಿಯಂ ಅನ್ನು ಕಂಪನಿಯೇ ಭರಿಸುವುದು, ಹೆರಿಗೆಗೆ ಕವರ್ ಇಲ್ಲದಿದ್ದರೆ ಅಷ್ಟು ಮೊತ್ತವನ್ನು ಜಾಯಿನಿಂಗ್ ಬೋನಸ್ ಆಗಿ ಕೊಡುವುದು, ಸೇರುವ ದಿನಾಂಕವನ್ನು ಹೊಂದಿಸುವುದು, ಇವು ಅವರ ಕೈಯಲ್ಲಿರುವ ವಿಷಯಗಳು.

ಸೇರುವ ದಿನಾಂಕವನ್ನು ಹಗುರವಾಗಿ ನೋಡಬೇಡಿ. ಹೆಚ್ಚಿನ ಕಂಪನಿಗಳಲ್ಲಿ ಹಳೆಯ ಪಾಲಿಸಿಯ ರಕ್ಷಣೆ ನಿಮ್ಮ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಹೊಸದು ಸೇರಿದ ದಿನದಿಂದ ಶುರುವಾಗಬೇಕು. ಮಧ್ಯೆ ಮೂರು ವಾರ ಊರಿಗೆ ಹೋಗಿ ಬರೋಣ ಎಂದುಕೊಂಡರೆ, ಆ ಮೂರು ವಾರ ಗರ್ಭಿಣಿ ಹೆಂಡತಿ ಮತ್ತು ತಂದೆ ಇಬ್ಬರಿಗೂ ಯಾವ ವಿಮೆಯೂ ಇರುವುದಿಲ್ಲ. ರಜೆಯನ್ನು ನೋಟಿಸ್ ಅವಧಿಯೊಳಗೇ ತೆಗೆದುಕೊಂಡು, ಕೊನೆಯ ದಿನದ ಮರುದಿನವೇ ಹೊಸ ಕಡೆ ಸೇರಿಕೊಳ್ಳಿ. ಶುಕ್ರವಾರ ಬಿಟ್ಟು ಸೋಮವಾರ ಸೇರುವ ಬದಲು, ಹಳೆಯ ಕಂಪನಿಯ ಕೊನೆಯ ದಿನವನ್ನು ಭಾನುವಾರ ಎಂದು ದಾಖಲಿಸಲು ಒಪ್ಪುತ್ತಾರಾ ಕೇಳಿ ನೋಡಿ.

ಸೇರಿದ ಮೇಲೂ ಒಂದು ತೆರಪಿದೆ. ಹೊಸಬರ ಹೆಸರನ್ನು ಕಂಪನಿಗಳು ದಿನವೂ ಕಳಿಸುವುದಿಲ್ಲ, ತಿಂಗಳಿಗೊಮ್ಮೆ ಪಟ್ಟಿ ಮಾಡಿ ವಿಮಾ ಕಂಪನಿಗೆ ಕಳಿಸುವುದು ರೂಢಿ. ಇ-ಕಾರ್ಡ್ ಬರಲು ಎರಡು-ಮೂರು ವಾರ ಹಿಡಿಯಬಹುದು. ರಕ್ಷಣೆ ಸೇರಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕಾದರೆ ಕಂಪನಿ ವಿಮಾ ಕಂಪನಿಯ ಬಳಿ ಮುಂಗಡ ಹಣ ಇಟ್ಟಿರಬೇಕು, ಎಚ್‌ಆರ್ ಭಾಷೆಯಲ್ಲಿ ಅದು ಸಿಡಿ ಬ್ಯಾಲೆನ್ಸ್. ಅದು ಖಾಲಿಯಾಗಿದ್ದರೆ ಹಣ ತುಂಬಿದ ಮೇಲಷ್ಟೇ ಹೊಸಬರ ರಕ್ಷಣೆ ಶುರುವಾಗುವ ಅಪಾಯವಿದೆ. ಸಣ್ಣ ಕಂಪನಿಗಳಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ‘ನನಗೂ ಕುಟುಂಬಕ್ಕೂ ಸೇರಿದ ದಿನಾಂಕದಿಂದಲೇ ಕವರ್ ಇರುತ್ತದೆಯೇ? ಕಾರ್ಡ್ ಬರುವ ಮೊದಲು ಅಡ್ಮಿಟ್ ಆದರೆ ಯಾರಿಗೆ ಫೋನ್ ಮಾಡಬೇಕು?’ ಎಂದು ಕೇಳಿ, ಆ ಹೆಸರು ಮತ್ತು ನಂಬರನ್ನು ಹೆಂಡತಿಯ ಫೋನಿನಲ್ಲೂ ಉಳಿಸಿಡಿ.

ಇಷ್ಟೆಲ್ಲಕ್ಕೂ ಉತ್ತರ ಒಂದೇ ಕಡೆ ಸಿಗುವ ಕಾಗದವೆಂದರೆ ಪಾಲಿಸಿಯ ಬೆನಿಫಿಟ್ ಸಮ್ಮರಿ, ಸಾಮಾನ್ಯವಾಗಿ ಎರಡು-ಮೂರು ಪುಟದ ಪಟ್ಟಿ. ಉದ್ಯೋಗಿಗಳಿಗೆಂದೇ ಮಾಡಿದ ಕಾಗದ ಅದು, ಗುಟ್ಟೇನಲ್ಲ. ಆಫರ್ ಒಪ್ಪುವ ಮೊದಲು ಅದನ್ನು ಕಳಿಸಲು ಕೇಳಿ. ಬಂದಾಗ ಪಾಲಿಸಿ ಯಾವ ತಾರೀಕಿಗೆ ನವೀಕರಣವಾಗುತ್ತದೆ ಎಂದೂ ನೋಡಿ. ಇನ್ನೆರಡು ತಿಂಗಳಲ್ಲಿ ನವೀಕರಣವಿದ್ದರೆ ನೀವು ಓದುತ್ತಿರುವ ಷರತ್ತುಗಳು ನಿಮ್ಮ ಹೆರಿಗೆಯ ಹೊತ್ತಿಗೆ ಬದಲಾಗಿರಬಹುದು. ಗ್ರೂಪ್ ಪಾಲಿಸಿ ಒಂದೊಂದೇ ವರ್ಷದ ಒಪ್ಪಂದ. ಹಿಂದಿನ ವರ್ಷ ಕ್ಲೇಮ್ ಜಾಸ್ತಿಯಾಗಿದ್ದರೆ ಕಂಪನಿಗಳು ಮೊದಲು ಕೈ ಹಾಕುವುದು ತಂದೆ-ತಾಯಿಯ ಸೌಲಭ್ಯಕ್ಕೆ: ಕೋ-ಪೇ ಏರಿಸುತ್ತವೆ, ಇಲ್ಲವೇ ಪ್ರೀಮಿಯಂ ಅನ್ನು ಉದ್ಯೋಗಿಗೇ ವರ್ಗಾಯಿಸುತ್ತವೆ. ತಂದೆಯವರು ಶಿವಮೊಗ್ಗದಲ್ಲಿರುವುದರಿಂದ, ಅಲ್ಲಿ ನೀವು ತುರ್ತಿಗೆ ಹೋಗುವ ಆಸ್ಪತ್ರೆ, ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಯ ನೆಟ್‌ವರ್ಕ್ ಪಟ್ಟಿಯಲ್ಲಿದೆಯೇ ಎಂದು ಅದರ ವೆಬ್‌ಸೈಟಿನಲ್ಲೇ ಹುಡುಕಿ. ಇಲ್ಲದಿದ್ದರೆ ಪೂರ್ತಿ ಹಣ ಮೊದಲು ನೀವು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕಾಗಿ ಬರಬಹುದು.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಈಗ ಬಿಟ್ಟರೆ ಕೈತಪ್ಪುತ್ತದೆ. ಈಗಿನ ಕಂಪನಿಯ ಪಾಲಿಸಿಯಲ್ಲಿ ನಿಮ್ಮ ತಂದೆ ನಾಲ್ಕು ವರ್ಷ ಇದ್ದಾರೆ. ಕೆಲಸ ಬಿಡುವಾಗ ಆ ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳುವ ಅವಕಾಶವಿದೆ, ಮೈಗ್ರೇಷನ್ ಎನ್ನುತ್ತಾರೆ. ಒಪ್ಪಿಕೊಂಡರೆ ಸತತವಾಗಿ ಇದ್ದ ವರ್ಷಗಳು ಕಾಯುವ ಅವಧಿಯಲ್ಲಿ ಕಳೆಯುತ್ತವೆ, ಹಳೆಯ ವಿಮಾ ಮೊತ್ತದ ಮಟ್ಟಿಗೆ. ಅಂದರೆ ಹೊಸದಾಗಿ ಪಾಲಿಸಿ ಕೊಂಡರೆ ಸ್ಟೆಂಟ್ ಮತ್ತು ಶುಗರ್‌ಗೆ ಮೂರು ವರ್ಷ ಕಾಯಬೇಕಾದ ನಿಮ್ಮ ತಂದೆಗೆ ಆ ಕಾಯುವಿಕೆಯೇ ಇಲ್ಲದೆ ಹೋಗಬಹುದು. ಖಾತ್ರಿ ಇಲ್ಲ. ವಿಮಾ ಕಂಪನಿ ಆರೋಗ್ಯದ ವಿವರ ನೋಡಿ ಹೆಚ್ಚು ಪ್ರೀಮಿಯಂ ಕೇಳಬಹುದು, ನಿರಾಕರಿಸಲೂಬಹುದು. ಆದರೂ ಅರ್ಜಿ ಹಾಕಿ, ಏಕೆಂದರೆ ಸ್ಟೆಂಟ್ ಇರುವವರಿಗೆ ಮಾರುಕಟ್ಟೆಯಲ್ಲಿ ಇದಕ್ಕಿಂತ ಒಳ್ಳೆಯ ಬಾಗಿಲು ತೆರೆಯುವುದು ಕಷ್ಟ. ಬೇರೆ ವಿಮಾ ಕಂಪನಿಗೆ ನೇರವಾಗಿ ಹಾರುವಂತಿಲ್ಲ, ಮೊದಲು ಈಗಿನ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೇ ಹೋಗಬೇಕು. ಕೊನೆಯ ದಿನಕ್ಕೆ ಒಂದೂವರೆ ತಿಂಗಳ ಮೊದಲೇ ಎಚ್‌ಆರ್ ಮತ್ತು ವಿಮಾ ಕಂಪನಿ ಇಬ್ಬರಿಗೂ ಇಮೇಲ್ ಮಾಡಿ, ನಾಲ್ಕು ವರ್ಷವೂ ತಂದೆಯವರ ಹೆಸರಿದ್ದ ದಾಖಲೆ ಕೇಳಿ ಪಡೆಯಿರಿ. ರಾಜೀನಾಮೆ ಅಂಗೀಕಾರವಾಗಿ ಲಾಗಿನ್ ಮುಚ್ಚಿದ ಮೇಲೆ ಇ-ಕಾರ್ಡ್ ಕೂಡ ಸಿಗುವುದಿಲ್ಲ. ಅರ್ಜಿಯಲ್ಲಿ ಸ್ಟೆಂಟ್, ಶುಗರ್, ತೆಗೆದುಕೊಳ್ಳುವ ಮಾತ್ರೆ ಎಲ್ಲವನ್ನೂ ಬರೆಯಿರಿ. ಮುಚ್ಚಿಟ್ಟದ್ದು ಸತತ 60 ತಿಂಗಳು ಪೂರ್ತಿಯಾಗುವ ಮೊದಲು ಹೊರಬಂದರೆ ಅದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಬಹುದು.

ನಿಮಗೂ ಹೆಂಡತಿಗೂ ಹೆರಿಗೆಯ ನಂತರ ಒಂದು ಸಣ್ಣ ವೈಯಕ್ತಿಕ ಪಾಲಿಸಿ ಶುರುಮಾಡಿ. ಕಂಪನಿ ಪಾಲಿಸಿ ಇರುವಾಗಲೇ ಅದರ ಕಾಯುವ ಅವಧಿ ಹಿನ್ನೆಲೆಯಲ್ಲಿ ಓಡಿ ಮುಗಿಯುತ್ತದೆ. ಮುಂದೆ ಕೆಲಸ ಹೋದರೂ, ಕಂಪನಿ ಸೌಲಭ್ಯ ಕಡಿಮೆ ಮಾಡಿದರೂ ಮೊದಲ ದಿನದಿಂದ ಕಾಯುತ್ತಾ ಕೂರಬೇಕಾಗುವುದಿಲ್ಲ.

ಯಾವ ಕಡೆ ಸೇರಿದರೂ ಮೊದಲ ವಾರದಲ್ಲೇ ಪೋರ್ಟಲ್‌ನಲ್ಲಿ ಹೆಂಡತಿ, ತಂದೆ, ತಾಯಿ ಮೂವರ ಹೆಸರನ್ನೂ ಸೇರಿಸಿ. ಸಾಮಾನ್ಯವಾಗಿ 30 ದಿನದ ಗಡುವು ಇರುತ್ತದೆ, ಮೀರಿದರೆ ಮುಂದಿನ ನವೀಕರಣದವರೆಗೆ ಬಾಗಿಲು ಮುಚ್ಚಿರುತ್ತದೆ. ಸ್ವಂತ ತಂದೆ-ತಾಯಿ ಅಥವಾ ಅತ್ತೆ-ಮಾವ, ಎರಡರಲ್ಲಿ ಒಂದು ಜೋಡಿಯನ್ನು ಮಾತ್ರ ಆರಿಸಬೇಕಾದ ಪಾಲಿಸಿಗಳೇ ಹೆಚ್ಚು, ಹಾಗಾಗಿ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಮಗು ಹುಟ್ಟಿದಾಗಲೂ ಅದೇ 30 ದಿನ. ಜನನ ಪ್ರಮಾಣಪತ್ರಕ್ಕೆ ಕಾಯದೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ ಇಮೇಲ್ ಕಳಿಸಿ, ಹೆಸರಿಟ್ಟಿಲ್ಲದಿದ್ದರೆ ‘ಬೇಬಿ ಆಫ್’ ಎಂದು ತಾಯಿಯ ಹೆಸರಿನಲ್ಲೇ ಸೇರಿಸುತ್ತಾರೆ. ಇ-ಕಾರ್ಡ್ ಬಂದ ದಿನ ಪ್ರತಿಯೊಬ್ಬರ ಹೆಸರು ಮತ್ತು ಜನ್ಮದಿನಾಂಕವನ್ನು ಆಧಾರ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ತಂದೆಯವರ ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಕಾರ್ಡಿನಲ್ಲಿ ಹಿಂದೆ ಇದ್ದರೂ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ಕ್ಯಾಶ್‌ಲೆಸ್ ಅರ್ಜಿ ಅಲ್ಲೇ ನಿಲ್ಲಬಹುದು. ತಿದ್ದುಪಡಿಗೆ ಎಚ್‌ಆರ್‌ಗೆ ಆಗಲೇ ಬರೆದರೆ ಮುಂದಿನ ತಿಂಗಳ ಪಟ್ಟಿಯಲ್ಲಿ ಸರಿಹೋಗುತ್ತದೆ.